ಸೋತ ಸೇನಾಪತಿಯ ಪರಿಚಯ ಪುಟ

ನಮ್ಮೂರ ಕೆರೆಯ ಬಗ್ಗೆ ನಾನು ಬರೆದ ಸಣ್ಣ ಪುಸ್ತಕ ಇನ್ನೇನು ಅಚ್ಚಿಗೆ ಹೋಗಬೇಕಿತ್ತು. ಪುಟ ವಿನ್ಯಾಸ ಮಾಡುತ್ತಿದ್ದ ಗೆಳತಿ ಫೋನ್ ಮಾಡಿದಳು. "ಮೊದಲನೇ ಪುಟ ಖಾಲಿ ಇದೆ ಕಣೋ. ಈ ಪುಸ್ತಕ ಯಾರಿಗೆ, ನಿನ್ನ ಮಾತನ್ನ ಯಾಕೆ ನಂಬಬೇಕು ಅಂತ ಬರೆದು ಕಳಿಸು." ಬರೆದೆ. ಓದಿದ್ದು ಏನು, ಕೆಲಸ ಎಲ್ಲಿ, ಇತಿಹಾಸದಲ್ಲಿ ಅಪಾರ ಆಸಕ್ತಿ, ಎಲ್ಲ ವಯಸ್ಸಿನ ಓದುಗರಿಗೂ ಇಷ್ಟವಾಗುತ್ತದೆ ಇತ್ಯಾದಿ. ತಿರುಗಿ ಓದಿದರೆ ಮ್ಯಾಟ್ರಿಮನಿ ಪ್ರೊಫೈಲ್ ಥರ ಇತ್ತು.

ಆಗ ನೆನಪಾದವನು ಥ್ಯುಸಿಡೈಡೀಸ್. ಕ್ರಿ.ಪೂ. 431ರಲ್ಲಿ ಅಥೆನ್ಸ್ ಮತ್ತು ಸ್ಪಾರ್ಟಾ ನಡುವೆ ಶುರುವಾಗಿ 27 ವರ್ಷ ಎಳೆದ ಯುದ್ಧದ ಚರಿತ್ರೆ ಬರೆದವನು. ಅವನ ಮೊದಲ ವಾಕ್ಯದಲ್ಲಿ ತನ್ನ ಪರಿಚಯ ಅಂತ ಇರೋದು ಹೆಸರು, ಊರು ಮತ್ತು ಒಂದು ಸಂಗತಿ: ಯುದ್ಧ ಶುರುವಾದಾಗಲೇ ಬರೆಯಲು ಕೂತೆ ಅನ್ನೋದು. ಅಪ್ಪ ಯಾರು, ಆಸ್ತಿ ಎಷ್ಟು, ಏನೂ ಇಲ್ಲ.

ತಾನು ಹೇಗೆ ಕೆಲಸ ಮಾಡಿದೆ ಅಂತ ಹೇಳೋದು ಸ್ವಲ್ಪ ಮುಂದೆ, ಅದೂ ಕೆಲವೇ ಸಾಲುಗಳಲ್ಲಿ. ನನಗೆ ಇಷ್ಟವಾಗೋದು ಅಲ್ಲಿ ಅವನು ಮಾಡುವ ವಿಂಗಡಣೆ. ಘಟನೆಗಳು ಬೇರೆ, ಭಾಷಣಗಳು ಬೇರೆ. ಘಟನೆಗಳ ವಿಷಯದಲ್ಲಿ, ಮೊದಲು ಸಿಕ್ಕವರು ಹೇಳಿದ್ದನ್ನಾಗಲೀ ತನಗೆ ಅನ್ನಿಸಿದ್ದನ್ನಾಗಲೀ ಹಾಗೇ ಬರೆದಿಲ್ಲ, ಕಣ್ಣಾರೆ ಕಂಡದ್ದನ್ನೂ ಬೇರೆಯವರಿಂದ ಕೇಳಿದ್ದನ್ನೂ ಆದಷ್ಟು ಪರೀಕ್ಷಿಸಿದ್ದೇನೆ ಅನ್ನುತ್ತಾನೆ. ಅದು ಸುಲಭವಾಗಿರಲಿಲ್ಲವಂತೆ. ಒಂದೇ ಘಟನೆ ನೋಡಿದವರು ಬೇರೆ ಬೇರೆ ಕಥೆ ಹೇಳುತ್ತಿದ್ದರು, ಒಬ್ಬೊಬ್ಬರಿಗೆ ಒಂದೊಂದು ಪಕ್ಷದ ಒಲವು, ಇಲ್ಲವೇ ಮರೆವು. ಭಾಷಣಗಳ ವಿಷಯಕ್ಕೆ ಬಂದರೆ ಕೈ ಚೆಲ್ಲುತ್ತಾನೆ: ಅದೇ ಪದಗಳು ಯಾರಿಗೂ ನೆನಪಿಲ್ಲ, ಆ ಸಂದರ್ಭಕ್ಕೆ ಏನು ಹೇಳಬೇಕಿತ್ತೋ ಅದನ್ನು ಒಟ್ಟು ಆಶಯ ಬಿಡದೆ ನಾನೇ ಬರೆದಿದ್ದೇನೆ. ಅಂದರೆ ಮುಂದೆ ಪೆರಿಕ್ಲಿಸ್ ಗಂಟೆಗಟ್ಟಲೆ ಮಾತಾಡಿದಂತೆ ಕಂಡಾಗ ಅದಕ್ಕೆ ಎಷ್ಟು ತೂಕ ಕೊಡಬೇಕು ಅನ್ನೋದು ನಮಗೆ ಮೊದಲೇ ಗೊತ್ತು.

ಯಾರಿಗಾಗಿ ಅನ್ನೋದಕ್ಕೂ ಉತ್ತರ ಇದೆ, ಅದೂ ಕೆಲವರನ್ನು ವಾಪಸ್ ಕಳಿಸುವಂಥದ್ದು. ಇದರಲ್ಲಿ ಕಟ್ಟುಕಥೆಯ ರುಚಿ ಇಲ್ಲ, ಕೇಳೋಕೆ ಅಷ್ಟು ಚೆನ್ನಾಗಿರಲಿಕ್ಕಿಲ್ಲ. ಆದದ್ದು ಏನು, ಮನುಷ್ಯರು ಇರೋದೇ ಹೀಗಾದ್ದರಿಂದ ಮತ್ತೆ ಎಂಥದ್ದು ಆಗಬಹುದು ಅಂತ ತಿಳಿಯಬೇಕಾದವರಿಗೆ ಉಪಯೋಗವಾದರೆ ಸಾಕು ಅನ್ನುತ್ತಾನೆ. ಎಲ್ಲರಿಗಾಗಿ ಅಂದಿದ್ದ ನನ್ನ ಸಾಲನ್ನು ಆಗಲೇ ಹೊಡೆದು ಹಾಕಿದೆ.

ಆದರೆ ಈ ಪರಿಚಯದಲ್ಲಿ ಒಂದು ತೂತು ಇದೆ. ಥ್ಯುಸಿಡೈಡೀಸ್ ಬರೀ ಲೇಖಕ ಅಲ್ಲ, ಆ ಯುದ್ಧದಲ್ಲೇ ಸೇನಾಪತಿ. ಕ್ರಿ.ಪೂ. 424ರ ಚಳಿಗಾಲದಲ್ಲಿ ಸ್ಪಾರ್ಟಾದ ಬ್ರಾಸಿಡಸ್ ಆಂಫಿಪೊಲಿಸ್ ಊರಿನ ಮೇಲೆ ಬಿದ್ದಾಗ ಇವನು ಅರ್ಧ ದಿನದ ಸಮುದ್ರದಾರಿಯ ಥೇಸೊಸ್ ದ್ವೀಪದಲ್ಲಿದ್ದ. ಏಳು ಹಡಗು ಕಟ್ಟಿಕೊಂಡು ಓಡಿ ಬಂದ. ಅಷ್ಟರಲ್ಲಿ ಊರು ಶರಣಾಗಿತ್ತು, ಹತ್ತಿರದ ಬಂದರನ್ನು ಮಾತ್ರ ಉಳಿಸಿಕೊಂಡ. ಅದಾದ ಮೇಲೆ ಅಥೆನ್ಸಿನಿಂದ 20 ವರ್ಷ ದೂರ. ಇದೆಲ್ಲ ಪುಸ್ತಕದಲ್ಲಿ ಇದೆ, ಮುಚ್ಚಿಟ್ಟಿಲ್ಲ. ಸೋಲಿನ ಕಥೆಯನ್ನು ಯಾರೋ ಮೂರನೆಯವನ ಬಗ್ಗೆ ಹೇಳಿದಂತೆ ಹೇಳುತ್ತಾನೆ. ಗಡೀಪಾರಿನ ವಿಷಯ ಇನ್ನೂ ಮುಂದೆ, ಎರಡನೇ ಮುನ್ನುಡಿಯಂಥ ಒಂದು ಭಾಗದಲ್ಲಿ: ಆ ಕಾರಣದಿಂದಲೇ ಎರಡೂ ಪಕ್ಷಗಳನ್ನು ನೋಡುವುದಕ್ಕೆ ಸಾಧ್ಯವಾಯಿತು ಅಂತ. ಮೊದಲ ಪುಟಗಳಲ್ಲಿ ಮಾತ್ರ ಇದರ ಸುಳಿವಿಲ್ಲ.

ಇದರಿಂದ ಏನಾಗುತ್ತೆ ಅಂದರೆ, ಅಥೆನ್ಸಿನ ಮುಖಂಡ ಕ್ಲಿಯಾನ್ ಬಂದಾಗಲೆಲ್ಲ ಓದುಗನಿಗೆ ಅನುಮಾನ ಶುರು. ಎಲ್ಲರನ್ನೂ ತಣ್ಣಗೆ ವರ್ಣಿಸುವ ಮನುಷ್ಯ ಈ ಒಬ್ಬನ ಬಗ್ಗೆ ಯಾಕೆ ಇಷ್ಟು ಕಟುವಾಗಿದ್ದಾನೆ? ಇವನನ್ನು ಊರು ಬಿಡಿಸಿದ್ದರಲ್ಲಿ ಕ್ಲಿಯಾನನ ಕೈವಾಡ ಇತ್ತು ಅಂತ ಬಹಳ ಕಾಲದ ನಂತರ ಬಂದ ಒಂದು ಜೀವನಚರಿತ್ರೆ ಹೇಳುತ್ತೆ. ಥ್ಯುಸಿಡೈಡೀಸ್ ಹೇಳೋದಿಲ್ಲ. ನಿಜ ಇರಲಿ ಬಿಡಲಿ, ಅವನು ಒಂದು ಸಾಲು ಬರೆದಿದ್ದರೆ ಕ್ಲಿಯಾನನ ಪುಟಗಳನ್ನು ನಾವು ಅದಕ್ಕೆ ತಕ್ಕಂತೆ ಓದುತ್ತಿದ್ದೆವು. ಬರೆಯದೆ ಬಿಟ್ಟದ್ದರಿಂದ ವಿದ್ವಾಂಸರು ಇನ್ನೂ ಜಗಳ ಆಡ್ತಾ ಇದ್ದಾರೆ.

ಇಷ್ಟು ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಸಣ್ಣಗೆ ಕಸಿವಿಸಿ. ನಮ್ಮ ಕೆರೆಯ ಅಂಗಳ ಸೈಟುಗಳಾದ ಕಥೆ ನಾಲ್ಕನೇ ಅಧ್ಯಾಯದಲ್ಲಿದೆ. ಏರಿ ಪಕ್ಕದ ಜಮೀನು ಮೊದಲು ಮಾರಿದ್ದು ನಮ್ಮ ತಾತ. ಪುಸ್ತಕದಲ್ಲಿ ಅವರು "ಒಬ್ಬ ರೈತರು" ಆಗಿದ್ದರು.

ಡಿಗ್ರಿ ತೆಗೆದೆ. ದಾಖಲೆ ನೋಡಿ ಬರೆದದ್ದು ಯಾವುದು, ಊರ ಹಿರಿಯರು ಹೇಳಿದ್ದು ಯಾವುದು ಅಂತ ಎರಡು ಸಾಲು ಹಾಕಿದೆ. ಆಮೇಲೆ ತಾತನ ಹೆಸರು, ಅವರು ಮಾರಿದ ಜಮೀನಿನ ಸರ್ವೆ ನಂಬರ್, ಆ ದುಡ್ಡಲ್ಲೇ ನಾನು ಓದಿದೆ ಅನ್ನೋ ಮಾತು. ಅಪ್ಪನಿಗೆ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು, "ಮೂವತ್ತು ಗುಂಟೆ ಅಲ್ಲ ಕಣೋ, ಮೂವತ್ತೆರಡು" ಅಂದರು. ತಿದ್ದಿ ಕಳಿಸಿದೆ.