ಆಟದ ಓಟ, ಮಾತಿನ ಓಟ: ಕನ್ನಡದಲ್ಲಿ ಕ್ರೀಡಾ ವೀಕ್ಷಕ ವಿವರಣೆ

ಆಟವು ನಡೆಯುತ್ತಿರುವಾಗಲೇ ಅದನ್ನು ಕಾಣದವರಿಗೆ ಬಾಯಿಂದ ಕಾಣಿಸುವ ವಿದ್ಯೆಗೆ ಆಕಾಶವಾಣಿಯವರು ‘ವೀಕ್ಷಕ ವಿವರಣೆ’ ಎಂಬ ಹೆಸರನ್ನು ರೂಢಿಗೆ ತಂದರು. ಹೆಸರು ಸೊಗಸಾಗಿದೆ, ನೋಡುವವನೇ ಹೇಳುವವನು ಎಂಬ ಅರ್ಥ ಅದರಲ್ಲಿಯೇ ಅಡಗಿದೆ. ಆದರೆ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಆಟದ ಬಯಲಿನಲ್ಲಿ ಧ್ವನಿವರ್ಧಕವು ಕೈಗೆ ಬಂದೊಡನೆ ನಮ್ಮ ಹುಡುಗರು ಹಿಂದಿಗೋ ತೆಲುಗಿಗೋ ಜಾರುವುದನ್ನು ಕಂಡವರೆಲ್ಲ ಬಲ್ಲರು. ಕಾರಣ ಕೇಳಿದರೆ, “ಕನ್ನಡದಾಗ ಅಷ್ಟು ಜೋರಾಗಿ ಹೇಳ್ಲಿಕ್ಕೆ ಬರಂಗಿಲ್ರೀ ಸರ್” ಎನ್ನುತ್ತಾರೆ. ಈ ಮಾತು ನಿಜವೇ ಎಂಬುದನ್ನು, ಈ ವಿದ್ಯೆ ಬೆಳೆದು ಬಂದ ಬಗೆಯನ್ನು ಹಿಡಿದು, ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ವೀಕ್ಷಕ ವಿವರಣೆಯೆಂದೊಡನೆ ನಮ್ಮವರು ಸಂಜಯನನ್ನು ನೆನೆಯುವುದು ವಾಡಿಕೆ. ಆದರೆ ಮಹಾಭಾರತದ ಸಂಜಯನು ಭೀಷ್ಮರು ಬಿದ್ದ ಸುದ್ದಿಯನ್ನು ಮೊದಲು ತಂದು, ಅನಂತರ ಯುದ್ಧದ ಕಥೆಯನ್ನು ಮೊದಲಿನಿಂದ ಹೇಳುತ್ತಾನೆ. ಫಲವು ಮುಂಚೆ, ಪಂದ್ಯವು ಆಮೇಲೆ. ಆದುದರಿಂದ ಅವನನ್ನು ವರದಿಗಾರರ ಮೂಲಪುರುಷನೆನ್ನಬಹುದೇ ಹೊರತು ನೇರ ವಿವರಣೆಗಾರರ ಮೂಲಪುರುಷನೆನ್ನಲಾಗದು. ಆದರೂ ಒಂದು ಹೋಲಿಕೆ ಸೋಜಿಗ ತರುವಂತಹುದು. ೧೯೨೭ರ ಜನವರಿ ೧೫ರಂದು ಲಂಡನ್ನಿನ ಟ್ವಿಕೆನ್‌ಹ್ಯಾಂ ಬಯಲಿನಿಂದ ಇಂಗ್ಲೆಂಡ್ ಮತ್ತು ವೇಲ್ಸ್ ತಂಡಗಳ ರಗ್ಬಿ ಪಂದ್ಯವನ್ನು ಬಿ.ಬಿ.ಸಿ.ಗಾಗಿ ಬಾಯಲ್ಲಿ ಬಣ್ಣಿಸಿದ ಕ್ಯಾಪ್ಟನ್ ವೇಕ್‌ಲಂ ಎಂಬಾತನ ಮುಂದೆ ಒಬ್ಬ ಕುರುಡನನ್ನು ಕೂರಿಸಿದ್ದರು. ಸಾವಿರಾರು ಶ್ರೋತೃಗಳನ್ನು ಮರೆತು ಆ ಒಬ್ಬನಿಗೆ ಆಟವನ್ನು ತಿಳಿಸಬೇಕೆಂಬುದು ಏರ್ಪಾಡು. ಇದಲ್ಲದೆ ‘ರೇಡಿಯೊ ಟೈಮ್ಸ್’ ಪತ್ರಿಕೆಯು ಬಯಲನ್ನು ಎಂಟು ಚೌಕಗಳಾಗಿ ಗೆರೆ ಕೊಯ್ದ ನಕ್ಷೆಯೊಂದನ್ನು ಅಚ್ಚುಮಾಡಿ ಹಂಚಿತ್ತು. ಚೆಂಡು ಯಾವ ಚೌಕದಲ್ಲಿದೆಯೆಂಬುದನ್ನು ಇನ್ನೊಂದು ಕಂಠವು ಎಣಿಸಿ ಕೂಗುತ್ತಿತ್ತು. ಎಲ್ಲಿ ಎಂಬುದು ತಿಳಿಯದೆ ಏನು ಎಂಬುದು ತಿಳಿಯಲಾರದು ಎಂಬ ಮರ್ಮವನ್ನು ಅವರು ಮೊದಲ ದಿನವೇ ಕಂಡುಕೊಂಡಿದ್ದರು.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ನೆಲೆಗೊಳಿಸಿದವರು ಎ. ಎಫ್. ಎಸ್. ತಲ್ಯಾರ್‌ಖಾನ್. ೧೯೩೪ರಲ್ಲಿ ಮುಂಬಯಿಯ ಕ್ರಿಕೆಟ್ ಪಂದ್ಯವನ್ನು ಅವರು ಬಾನುಲಿಯಲ್ಲಿ ವಿವರಿಸಿದರು. ಧ್ವನಿವರ್ಧಕವನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳುವುದಕ್ಕೆ ಅವರು ಒಲ್ಲೆನೆನ್ನುತ್ತಿದ್ದರಂತೆ. ಅವರ ಭಾಷೆ ಇಂಗ್ಲಿಷು. ಕನ್ನಡಿಗರ ಕಿವಿ ಪಳಗಿದುದು ಬೇರೊಂದು ದಾರಿಯಲ್ಲಿ. ೧೯೫೦ರಲ್ಲಿ ಧಾರವಾಡ, ೧೯೫೫ರಲ್ಲಿ ಬೆಂಗಳೂರು, ೧೯೬೬ರಲ್ಲಿ ನಮಗೆ ಹತ್ತಿರದ ಕಲಬುರ್ಗಿ – ಹೀಗೆ ಆಕಾಶವಾಣಿಯ ಕೇಂದ್ರಗಳು ಒಂದೊಂದಾಗಿ ತೆರೆದುಕೊಂಡವು. ೧೯೫೬ರಲ್ಲಿ ಬೀದರ ಮತ್ತು ಗುಲ್ಬರ್ಗಾ ಜಿಲ್ಲೆಗಳಿಂದ ಬೇರ್ಪಟ್ಟು ಈಚೆ ಉಳಿದ ನಮ್ಮ ತಾಲ್ಲೂಕುಗಳಿಗೆ ಗಡಿಯ ಗೆರೆಯನ್ನು ಲೆಕ್ಕಿಸದೆ ಬಂದ ಕನ್ನಡವೆಂದರೆ ಬಾನುಲಿಯ ಕನ್ನಡ. ಅದರಲ್ಲಿ ‘ವೀಕ್ಷಕ ವಿವರಣೆ’ ಎಂದೊಡನೆ ನೆನಪಿಗೆ ಬರುತ್ತಿದ್ದುದು ಆಟವಲ್ಲ, ಮೈಸೂರಿನ ದಸರಾ ಮೆರವಣಿಗೆ.

ಇಲ್ಲಿಯೇ ಒಂದು ಮುಖ್ಯವಾದ ಅಂಶವಿದೆ. ಅರಮನೆಯಿಂದ ಬನ್ನಿಮಂಟಪದವರೆಗೆ ಐದು ಕಿಲೋಮೀಟರಿನಷ್ಟು ದಾರಿಯನ್ನು ಆನೆಯು ತನ್ನ ಗತಿಯಲ್ಲಿ ಕ್ರಮಿಸುತ್ತದೆ. ಅದನ್ನು ವಿವರಿಸುವವನಿಗೆ ಹೊತ್ತು ಬೇಕಾದಷ್ಟಿದೆ. ಅಂಬಾರಿಯ ಇತಿಹಾಸ, ಅರಸರ ವಂಶಾವಳಿ, ಬನ್ನಿಯ ಪೂಜೆ – ಯಾವುದನ್ನಾದರೂ ನಿಧಾನವಾಗಿ ಪೂರ್ಣ ವಾಕ್ಯಗಳಲ್ಲಿ ಹೇಳಬಹುದು. ಹೇಳಿ ಮುಗಿಸುವವರೆಗೂ ಆನೆ ಎಲ್ಲಿಯೂ ಓಡಿಹೋಗದು. ಇದರಿಂದ ಕನ್ನಡದ ವಿವರಣೆಗೆ ಬಿಡುವನ್ನು ತುಂಬುವ ಕಲೆ ಮೊದಲು ಬಂದಿತು, ವೇಗವನ್ನು ಹಿಡಿಯುವ ಕಲೆ ಆಮೇಲೆ ಬಂದಿತು ಎಂಬುದು ನನ್ನ ಅಭಿಪ್ರಾಯ. ಕನ್ನಡಕ್ಕೆ ವೇಗವಿಲ್ಲವೆಂಬ ಭಾವನೆಯೂ ಈ ಆನೆಯ ನಡಿಗೆಯಿಂದಲೇ ಹುಟ್ಟಿರಬಹುದು.

ವೇಗದ ಪರೀಕ್ಷೆ ಬಂದುದು ಟಿ.ವಿ.ಯ ಕಾಲದಲ್ಲಿ. ೨೦೧೮ರ ಐ.ಪಿ.ಎಲ್. ಕ್ರಿಕೆಟ್ ಆರು ಭಾಷೆಗಳಲ್ಲಿ ಪ್ರಸಾರವಾದಾಗ ಅವುಗಳಲ್ಲಿ ಕನ್ನಡವೂ ಒಂದಾಗಿತ್ತು. ವಿಜಯ್ ಭಾರದ್ವಾಜ್ ಅವರಂತಹ ಮಾಜಿ ಆಟಗಾರರು ಕನ್ನಡದಲ್ಲಿ ವಿವರಣೆ ನೀಡತೊಡಗಿದರು. ಪ್ರೊ ಕಬಡ್ಡಿಯೂ ಕನ್ನಡದಲ್ಲಿ ಕೇಳಿಬಂದಿತು. ನಿಜವಾದ ಪರೀಕ್ಷೆಯೆಂದರೆ ಕಬಡ್ಡಿಯೇ. ತೆಲುಗರು ಚೆಡುಗುಡು ಎಂದೂ ಮರಾಠಿಗರು ಹುತುತು ಎಂದೂ ಕರೆದ ಈ ಆಟ ನಮ್ಮ ಮೂರು ಊರುಗಳ ಮಕ್ಕಳಿಗೂ ಮಣ್ಣಿನಷ್ಟೇ ಪರಿಚಿತ. ಕ್ರಿಕೆಟ್ಟಿನಲ್ಲಿ ಒಂದು ಎಸೆತಕ್ಕೂ ಮುಂದಿನದಕ್ಕೂ ನಡುವೆ ಅರ್ಧ ನಿಮಿಷವಾದರೂ ಬಿಡುವುಂಟು. ಕಬಡ್ಡಿಯಲ್ಲಿ ಒಂದು ದಾಳಿಗೇ ಮೂವತ್ತು ಸೆಕೆಂಡಿನ ಮಿತಿ. ಒಬ್ಬನು ಹಿಂತಿರುಗಿದೊಡನೆ ಎದುರು ತಂಡದವನು ನುಗ್ಗುತ್ತಾನೆ. ಆ ಮೂವತ್ತು ಸೆಕೆಂಡಿನಲ್ಲಿಯೂ ಬಹುಪಾಲು ಹೊಂಚಿನಲ್ಲಿ ಕಳೆದು, ಮುಟ್ಟುವುದು, ಹಿಡಿಯುವುದು, ಕೊಸರುವುದು ಎಲ್ಲವೂ ಎರಡು ಮೂರು ಸೆಕೆಂಡಿನಲ್ಲಿ ಮುಗಿದುಹೋಗುತ್ತವೆ.

ಈಗ ವ್ಯಾಕರಣದ ಕಡೆಗೆ ತಿರುಗೋಣ. ಕನ್ನಡದ ವಾಕ್ಯದಲ್ಲಿ ಕರ್ತೃ ಮೊದಲು, ಕರ್ಮ ನಡುವೆ, ಕ್ರಿಯಾಪದ ಕೊನೆಗೆ. “ದಾಳಿಗಾರನು ಬಲಮೂಲೆಯ ರಕ್ಷಕನ ಭುಜವನ್ನು ಮುಟ್ಟುತ್ತಾನೆ” ಎಂಬ ವಾಕ್ಯವನ್ನು ಶುದ್ಧವಾಗಿ ಹೇಳಿ ಮುಗಿಸುವಷ್ಟರಲ್ಲಿ ಅವನು ಮುಟ್ಟಿ, ತನ್ನ ಅಂಕಣಕ್ಕೆ ಮರಳಿ, ಬೆವರನ್ನೂ ಒರೆಸಿಕೊಂಡಿರುತ್ತಾನೆ. ವಿವರಣೆ ಹಿಂದೆ ಬಿದ್ದಿತೆಂಬುದನ್ನು ತಿಳಿಯಲು ಸುಲಭವಾದ ಗುರುತೊಂದುಂಟು: ಜನರ ಕೂಗು ಮೊದಲು ಕೇಳಿ, ಸುದ್ದಿ ಆಮೇಲೆ ಕೇಳುತ್ತದೆ.

ಇದಕ್ಕೆ ಪರಿಹಾರವೂ ಕನ್ನಡದಲ್ಲಿಯೇ ಇದೆ. ನಮ್ಮ ಕ್ರಿಯಾಪದದ ಕೊನೆಯಲ್ಲಿ ಲಿಂಗವಚನಗಳು ಅಂಟಿಕೊಂಡಿರುವುದರಿಂದ ‘ಮುಟ್ಟಿದ’ ಎಂಬ ಒಂದೇ ಪದ ಪೂರ್ಣ ವಾಕ್ಯವಾಗುತ್ತದೆ. ಅದನ್ನು ಮೊದಲು ಹೇಳಿ, ಯಾರನ್ನು, ಎಲ್ಲಿ ಎಂಬುದನ್ನು ಹಿಂದಿನಿಂದ ಸೇರಿಸಬಹುದು. ಶಾಲೆಯಲ್ಲಿ ಕೃದಂತಾವ್ಯಯವೆಂದು ಕಲಿಸುವ ‘ನುಗ್ಗಿ, ಬಾಗಿ, ಜಾರಿ, ಕೊಸರಿ’ ಮೊದಲಾದ ರೂಪಗಳಿಗೆ ಕಾಲಪುರುಷಗಳ ಭಾರವಿಲ್ಲ. ಮಣಿಗಳಂತೆ ಒಂದರ ಹಿಂದೊಂದನ್ನು ಪೋಣಿಸುತ್ತ ಹೋಗಬಹುದು, ಯಾವ ಮಣಿಯ ಬಳಿ ಬೇಕಾದರೂ ನಿಲ್ಲಿಸಬಹುದು. ನಾನೇ ಕಲ್ಪಿಸಿದ ಒಂದು ದಾಳಿಯ ಮಾದರಿಯನ್ನು ನೋಡಿ:

“ಎಡಗಡೆಯಿಂದ ಬರುತ್ತಿದ್ದಾನೆ. ಗೆರೆ ದಾಟಿ, ಬಲಕ್ಕೆ ಸರಿದು, ಬಾಗಿ, ಕಾಲು ಚಾಚಿ – ಇಲ್ಲ, ಸಿಗಲಿಲ್ಲ. ಹಿಂದಕ್ಕೆ. ಇನ್ನು ಹತ್ತು ಸೆಕೆಂಡು. ಮತ್ತೆ ನುಗ್ಗಿ, ಕೈ ಬೀಸಿ – ಮುಟ್ಟಿದ! ಮೂಲೆಯವನನ್ನು ಮುಟ್ಟಿದ! ಇನ್ನಿಬ್ಬರು ಕಾಲು ಹಿಡಿದರು, ಎಳೆಯುತ್ತಿದ್ದಾರೆ, ಉರುಳಿ, ಕೊಸರಿ, ಕೈ ಚಾಚಿ – ಗೆರೆ ಸಿಕ್ಕಿತು! ಮೂರು ಅಂಕ!”

ಇದರಲ್ಲಿ ವರ್ತಮಾನಕಾಲ ಬಂದಿರುವುದು ಎರಡೇ ಕಡೆ: ಬರುತ್ತಿದ್ದಾನೆ, ಎಳೆಯುತ್ತಿದ್ದಾರೆ. ಎರಡೂ ಇನ್ನೂ ಮುಗಿಯದ ಕ್ರಿಯೆಗಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದಕ್ಕೆ ಭೂತಕಾಲವೇ ಒಪ್ಪುತ್ತದೆ. ನೇರ ವಿವರಣೆಯೆಂದರೆ ಎಲ್ಲವೂ ವರ್ತಮಾನದಲ್ಲಿರಬೇಕೆಂಬುದು ಇಂಗ್ಲಿಷಿನಿಂದ ಬಂದ ನಿಯಮ. ‘ಮುಟ್ಟುತ್ತಾನೆ’ ಎಂದರೆ ಕನ್ನಡದ ಕಿವಿಗೆ ಇನ್ನು ಮುಟ್ಟುವನು ಎಂಬ ಭವಿಷ್ಯದ ಅರ್ಥವೂ ಬರುತ್ತದೆ; ‘ಮುಟ್ಟಿದ’ ಎಂದರೆ ಸಂಶಯವಿಲ್ಲ.

ಗೌರವದ ಬಹುವಚನವು ಇನ್ನೊಂದು ತೊಡಕು. ಆಟಗಾರರನ್ನು ‘ಅವರು’ ಎನ್ನುವುದು ಸಭ್ಯತೆ. ಆದರೆ “ಹಿಡಿದರು, ಬಿದ್ದರು” ಎಂದಾಗ ಬಿದ್ದುದು ಒಬ್ಬ ದಾಳಿಗಾರನೋ ಹಿಡಿದ ನಾಲ್ವರೋ ತಿಳಿಯದು. ಟಿ.ವಿ.ಯಲ್ಲಿ ಚಿತ್ರವು ಈ ಕೊರತೆಯನ್ನು ಮುಚ್ಚುತ್ತದೆ; ಬಾನುಲಿಯಲ್ಲಿ ಮುಚ್ಚಲಾರದು. ಸೆಣಸಾಟದ ಎರಡು ಸೆಕೆಂಡಿನಲ್ಲಿ ಏಕವಚನವನ್ನೇ ಬಳಸಿ, ಆಟ ನಿಂತಮೇಲೆ ಹೆಸರು ಹೇಳಿ ಬಹುವಚನದಿಂದ ಗೌರವಿಸುವುದು ಉಚಿತವೆಂದು ನನಗೆ ತೋರುತ್ತದೆ. ಇನ್ನು ‘ಮಾಡು’ ಧಾತುವಿನ ಹಾವಳಿ. ರೈಡ್, ಟ್ಯಾಕಲ್, ಬೋನಸ್ ಎಂಬ ಹೆಸರುಗಳು ಬಂದರೆ ನಷ್ಟವಿಲ್ಲ, ಅವು ಆಟದ ಪದಗಳು. ಆದರೆ ‘ಟ್ಯಾಕಲ್ ಮಾಡಿದರು, ಅಟ್ಯಾಕ್ ಮಾಡಿದರು, ಎಸ್ಕೇಪ್ ಮಾಡಿದರು’ ಎನ್ನತೊಡಗಿದರೆ ತಬ್ಬುವುದು, ದಬ್ಬುವುದು, ಮಗುಚುವುದು, ನುಣುಚಿಕೊಳ್ಳುವುದು ಎಲ್ಲವೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ದೇಹವು ಮಾಡಿದ್ದೇನೆಂಬುದು ಕಾಣದಾಗುತ್ತದೆ.

ಬಿಡುವನ್ನು ತುಂಬುವುದರ ಕಷ್ಟವನ್ನು ೨೦೧೯ರ ಜನವರಿ ೫ರಂದು ಮುಂಬಯಿಯಲ್ಲಿ ನಡೆದ ಪ್ರೊ ಕಬಡ್ಡಿಯ ಅಂತಿಮ ಪಂದ್ಯದಿಂದ ತಿಳಿಯಬಹುದು. ಬೆಂಗಳೂರು ಬುಲ್ಸ್ ತಂಡವು ಗುಜರಾತಿನೆದುರು ಮಧ್ಯಂತರದ ಹೊತ್ತಿಗೆ ೯–೧೬ರಿಂದ ಹಿಂದಿತ್ತು. ಮುಗಿದಾಗ ೩೮–೩೩ರಿಂದ ಗೆದ್ದಿತ್ತು. ಪವನ್ ಸೆಹ್ರಾವತ್ ಒಬ್ಬರೇ ೨೨ ಅಂಕ ತಂದರು. ಲೆಕ್ಕ ಹಾಕಿ ನೋಡಿದರೆ ಉತ್ತರಾರ್ಧದ ೨೦ ನಿಮಿಷದಲ್ಲಿ ಎರಡೂ ತಂಡಗಳಿಗೆ ಸೇರಿ ೪೬ ಅಂಕಗಳು. ಎಂದರೆ ಸರಾಸರಿ ೨೬ ಸೆಕೆಂಡಿಗೊಂದು ಅಂಕ ಬರುತ್ತಿತ್ತು. ಇಂತಹ ಆಟದಲ್ಲಿ ಬಿಡುವು ದೊರೆತರೆ ಏನು ಹೇಳಬೇಕು? ಮೊದಲು ಅಂಕ, ಆಮೇಲೆ ಉಳಿದ ಹೊತ್ತು, ಆಮೇಲೆ ಅಂಕಣದಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂಬುದು. ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಿದ್ದಾಗ ದಾಳಿಗಾರನನ್ನು ಹಿಡಿದರೆ ಎರಡು ಅಂಕವಾದುದರಿಂದ ಆ ಎಣಿಕೆಯೇ ಮುಂದಿನ ದಾಳಿಯ ಬೆಲೆಯನ್ನು ಹೇಳುತ್ತದೆ. ಇಷ್ಟು ಹೇಳಿಯೂ ಹೊತ್ತು ಉಳಿದರೆ ಮಾತ್ರ ಆಟಗಾರನ ಊರು, ಹಿಂದಿನ ಪಂದ್ಯ, ಜನಸಂದಣಿಯ ವರ್ಣನೆ. ಅಮೆರಿಕದ ಬೇಸ್‌ಬಾಲ್ ವಿವರಣೆಗಾರ ರೆಡ್ ಬಾರ್ಬರ್ ಅಂಕ ಹೇಳುವುದನ್ನು ಮರೆಯದಿರಲು ಮೂರು ನಿಮಿಷದ ಮರಳುಗಡಿಯಾರವೊಂದನ್ನು ಎದುರಿಗಿಟ್ಟುಕೊಳ್ಳುತ್ತಿದ್ದನು. ಮರಳು ಇಳಿದಾಗಲೆಲ್ಲ ಅಂಕ ಹೇಳಿ ಅದನ್ನು ಮಗುಚುತ್ತಿದ್ದನು. ಕಬಡ್ಡಿಗೆ ಮೂರು ನಿಮಿಷ ಬಹಳವಾಯಿತು. ದಾಳಿಗಾರ ಮರಳಿದಾಗಲೆಲ್ಲ ಹೇಳಬೇಕು.

ರನ್ನನು ‘ಗದಾಯುದ್ಧ’ದಲ್ಲಿ ಸಿಂಹಾವಲೋಕನ ಕ್ರಮದಿಂದ ಹಿಂದಿನ ಭಾರತವನ್ನೆಲ್ಲ ತಿರುಗಿ ನೋಡಿಸುತ್ತಾನೆ. ವಿವರಣೆಗಾರನ ಬಿಡುವಿನ ಮಾತೂ ಸಿಂಹಾವಲೋಕನವೇ. ಆದರೆ ಕವಿಯು ಹಿಂತಿರುಗಿ ನೋಡುವಾಗ ಭೀಮನು ಕಾದು ನಿಲ್ಲುತ್ತಾನೆ, ಅಂಕಣದ ಆಟಗಾರನು ನಿಲ್ಲನು. ಹಾಗಾಗಿ ಬಿಡುವಿನ ವಾಕ್ಯವೂ ಎಲ್ಲಿ ಬೇಕಾದರೂ ಮುರಿಯುವಂತಿರಬೇಕು. ಕ್ರಿಯಾಪದವನ್ನು ಕೊನೆಗಿಟ್ಟ ನೀಳ ವಾಕ್ಯವನ್ನು ಹಿಡಿದವನು ಅದನ್ನು ಮುಗಿಸಲೆಂದೇ ಮುಂದಿನ ದಾಳಿಯ ಅರ್ಧವನ್ನು ಕಳೆದುಕೊಳ್ಳುತ್ತಾನೆ.

ನನ್ನ ತರಗತಿಯಲ್ಲಿ ಇದರ ಅಭ್ಯಾಸಕ್ಕೆ ವೇಕ್‌ಲಂನ ಚೌಕಗಳನ್ನೇ ಬಳಸುತ್ತೇನೆ. ಒಬ್ಬ ವಿದ್ಯಾರ್ಥಿ ಆಟವನ್ನು ನೋಡುತ್ತ ಹೇಳುತ್ತಾನೆ. ಇನ್ನೊಬ್ಬನು ಬಯಲಿಗೆ ಬೆನ್ನುಮಾಡಿ ಕುಳಿತು, ಪಾಟಿಯ ಮೇಲೆ ಗೆರೆ ಎಳೆದ ಅಂಕಣದಲ್ಲಿ ದಾಳಿಗಾರನ ದಾರಿಯನ್ನು ಸೀಮೆಸುಣ್ಣದಿಂದ ಗುರುತಿಸುತ್ತಾನೆ. ಮೊದಮೊದಲು ಗೆರೆಯು ನಡು ಅಂಕಣದವರೆಗೆ ಬಂದು ನಿಂತುಬಿಡುತ್ತದೆ. ಹೇಳುವವನು ಅಲ್ಲಿ ‘ಸೂಪರ್, ಭಾರೀ’ ಎಂದು ಕೂಗಿದ್ದಾನೆ, ಎಡವೋ ಬಲವೋ ಹೇಳಿಲ್ಲ. ಕೆಲವು ವಾರಗಳ ಮೇಲೆ ಆ ಹುಡುಗರು ತಾವಾಗಿ ನಮ್ಮ ಸೀಮೆಯ ಮಾತಿಗೆ ಇಳಿಯುತ್ತಾರೆ: “ಬಲಕ್ಕ ಹೊಂಟ, ಬಗ್ಗಿದ, ಮುಟ್ಟಿದ, ಹಿಡದ್ರು, ಜಾರಿದ, ಬಂದ!” ಆಗ ಪಾಟಿಯ ಮೇಲಿನ ಗೆರೆ ಹೊರಟಲ್ಲಿಗೇ ಬಂದು ಸೇರುತ್ತದೆ.