ಹೊಕ್ಕುಳಬಳ್ಳಿಯ ತುಂಡು (ನವಜಾತ ಶಿಶು)

ಹೆರಿಗೆಯಲ್ಲಿ ಬಳ್ಳಿ ಕತ್ತರಿಸಿದ ಮೇಲೆ ಕೂಸಿನ ಹೊಕ್ಕುಳಲ್ಲಿ ಉಳಿಯುವ ಭಾಗ. ಮೊದಲು ತೇವವಾಗಿ, ಬೆಳ್ಳಗೆ ಹೊಳೆಯುವ ಇದು ಕ್ರಮೇಣ ಕಂದಾಗಿ, ಕಪ್ಪಾಗಿ ಒಣಗಿ, ಸಾಮಾನ್ಯವಾಗಿ 5ರಿಂದ 15 ದಿನಗಳಲ್ಲಿ ಉದುರುತ್ತದೆ. ಉದುರುವಾಗ ಒಂದೆರಡು ಹನಿ ರಕ್ತ, ಬುಡದಲ್ಲಿ ತುಸು ಅಂಟು ಕಾಣುವುದು ಸಹಜ.

ಬುಡದ ಸುತ್ತ ಚರ್ಮ ಕೆಂಪಾಗಿ ಊದುವುದು, ಕೀವು ಅಥವಾ ದುರ್ವಾಸನೆಯ ಸ್ರಾವ, ಮುಟ್ಟಿದರೆ ಕೂಸು ಅಳುವುದು ಸೋಂಕಿನ ಲಕ್ಷಣಗಳು. ಹೊಕ್ಕುಳಿನ ರಕ್ತನಾಳ ನೇರ ಯಕೃತ್ತಿನ ಕಡೆ ಸಾಗುವುದರಿಂದ ಸೋಂಕು ಬೇಗ ರಕ್ತಕ್ಕೆ ಇಳಿಯಬಲ್ಲದು. ಕೆಂಪು ಬಣ್ಣ ಹೊಟ್ಟೆಯ ಚರ್ಮಕ್ಕೆ ಹರಡಿದರೆ, ಕೂಸು ಹಾಲು ಬಿಟ್ಟರೆ, ಮಂಕಾದರೆ, ಮೈ ಸುಡುತ್ತಿದ್ದರೆ ಅಥವಾ ತಣ್ಣಗಾದರೆ ಅದು ತುರ್ತು ಸ್ಥಿತಿ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಉದಾಹರಣೆಗೆ, ಮಸ್ಕಿ ಸೀಮೆಯ ಹಳ್ಳಿಯೊಂದರಲ್ಲಿ 7ನೇ ದಿನ ತುಂಡು ಕಪ್ಪಾಗಿ ಒಣಗಿದ್ದು, ಸುತ್ತಲ ಚರ್ಮ ತಿಳಿಯಾಗಿದ್ದರೆ ಏನೂ ಹಚ್ಚಬೇಕಿಲ್ಲ. ಲಂಗೋಟಿಯನ್ನು ಅದರ ಕೆಳಗೆ ಮಡಚಿ ಕಟ್ಟಿ, ಗಾಳಿಯಾಡಲು ಬಿಟ್ಟರೆ ಸಾಕು. ಅದೇ ದಿನ ಕೀವು ಕಂಡರೆ ಅರಿಶಿನ, ಬೂದಿ, ಎಣ್ಣೆ ಹಚ್ಚಿ ಕಾಯದೆ ಸಿಂಧನೂರು ಅಥವಾ ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕು. ತುರ್ತು ಲಕ್ಷಣಗಳಿದ್ದರೆ 108ಕ್ಕೆ ಕರೆ ಮಾಡಬೇಕು. ದಾರಿಯಲ್ಲೂ ಕೂಸನ್ನು ತಾಯಿಯ ಎದೆಗೆ ಒತ್ತಿ ಬೆಚ್ಚಗಿಡಬೇಕು.