ನಿಂತಲ್ಲೇ ತಿರುಗುವ ಪಾತ್ರ: ಮೈ ಮೊದಲು, ಪಾದ ಆಮೇಲೆ

1993ರ ‘ಡೂಮ್’ ಆಟದ ರಾಕ್ಷಸರಿಗೆ ತಿರುಗುವ ಚಲನೆಯೇ ಇರಲಿಲ್ಲ. ಎಂಟು ದಿಕ್ಕುಗಳಿಂದ ಕಾಣುವ ಚಿತ್ರಗಳಿದ್ದವು. ದಿಕ್ಕು ಬದಲಾದರೆ ಒಂದು ಚಿತ್ರ ಹೋಗಿ ಇನ್ನೊಂದು ಬರುತ್ತಿತ್ತು. ಮೂರು ಆಯಾಮದ ದೇಹಗಳು ಬಂದ ಮೇಲೆ ತೊಡಕು ಕಣ್ಣಿಗೆ ಬಿತ್ತು. ಗೇಮ್ ಎಂಜಿನ್‌ಗೆ ಪಾತ್ರವೆಂದರೆ ಕ್ಯಾಪ್ಸೂಲ್ ಆಕಾರದ ಕಾಣದ ಕವಚ. ಅದನ್ನು ತಿರುಗಿಸಿದರೆ ಒಳಗಿನ ಮೈ ಇಡಿಯಾಗಿ ತಿರುಗುತ್ತದೆ; ಬಟ್ಟೆ ಅಂಗಡಿಯ ತಿರುಗುವ ಬೊಂಬೆಯಂತೆ ಪಾದಗಳು ನೆಲದ ಮೇಲೆ ಜಾರುತ್ತವೆ.

ಆರಂಭದ ಪರಿಹಾರಗಳಲ್ಲೊಂದು ಬಂದದ್ದು ಕಾಲಿನಿಂದಲ್ಲ, ಕತ್ತಿನಿಂದ. 1998ರ ‘ಹಾಫ್-ಲೈಫ್’ನಲ್ಲಿ ವಿಜ್ಞಾನಿಗಳ ತಲೆಯ ಮೂಳೆಯನ್ನು ಪ್ರತ್ಯೇಕವಾಗಿ ತಿರುಗಿಸಬಹುದಿತ್ತು, ನಿಂತವರು ಆಟಗಾರನ ಕಡೆ ಮುಖ ಮಾಡುತ್ತಿದ್ದರು. ಮನುಷ್ಯರೂ ಸಾಮಾನ್ಯವಾಗಿ ತಿರುಗುವುದು ಹೀಗೆಯೇ: ಮೊದಲು ಕಣ್ಣು, ಆಮೇಲೆ ತಲೆ, ಎದೆ, ಸೊಂಟ, ಕಡೆಗೆ ಪಾದ. ಈ ಮೇಲಿನಿಂದ ಕೆಳಗಿನ ಕ್ರಮವೇ ಆಟಕ್ಕೆ ಬೇಕಾದ ಚುರುಕನ್ನೂ ಕೊಡುತ್ತದೆ. ಗುರಿಯ ಕಡೆ ಮೈ ತಕ್ಷಣ ಹೊರಳುತ್ತದೆ, ಹೆಜ್ಜೆ ಬದಲಿಸಲು ಕಾಲಿಗೆ ಸಮಯ ಸಿಗುತ್ತದೆ.

ಇಂದು ಹೆಚ್ಚು ಬಳಕೆಯಲ್ಲಿರುವ ವಿಧಾನ ಮೈಗೂ ಪಾದಕ್ಕೂ ನಡುವಿನ ಈ ಅಂತರದ ಮೇಲೆಯೇ ನಿಂತಿದೆ. ಒಬ್ಬ ಕಾವಲುಗಾರ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ, ಬಲಕ್ಕೆ 110 ಡಿಗ್ರಿಯಲ್ಲಿ ಸದ್ದಾಯಿತು ಎನ್ನಿ. ಕವಚ ಅತ್ತ 110 ಡಿಗ್ರಿ ತಿರುಗುತ್ತದೆ. ಆದರೆ ಅಸ್ಥಿಪಂಜರದ ಬೇರಿನ ಮೂಳೆಗೆ, ಅಂದರೆ ರೂಟ್‌ಗೆ, ಅಷ್ಟೇ ಡಿಗ್ರಿಯನ್ನು ಉಲ್ಟಾ ಕೊಡುತ್ತಾರೆ. ಹಾಗಾಗಿ ಪಾದಗಳು ಉತ್ತರಕ್ಕೇ ಉಳಿಯುತ್ತವೆ. ಅನ್‌ರಿಯಲ್ ಎಂಜಿನ್‌ನ ಮಾದರಿ ಆಟ ‘ಲೈರಾ’ದಲ್ಲಿ ಈ ಅಂತರದ ಹೆಸರು `RootYawOffset`. ಅದನ್ನು ತುಂಬುವ ಕೆಲಸ ತಲೆ ಮತ್ತು ಬೆನ್ನುಮೂಳೆಗಳದು. ಒಂದೇ ಮೂಳೆಯ ಮೇಲೆ ಹೊರಿಸಿದರೆ ಸೊಂಟ ಒದ್ದೆ ಬಟ್ಟೆ ಹಿಂಡಿದಂತೆ ಕಾಣುವುದರಿಂದ ಹಲವು ಮೂಳೆಗಳಿಗೆ ಹಂಚುತ್ತಾರೆ. ಬೆನ್ನು ತಾಳುವಷ್ಟಕ್ಕೆ ಒಂದು ಮಿತಿಯನ್ನೂ ಹಾಕುತ್ತಾರೆ.

ಅಂತರ ನಿಗದಿತ ಹೊಸ್ತಿಲನ್ನು, ಉದಾಹರಣೆಗೆ 60 ಡಿಗ್ರಿಯನ್ನು, ದಾಟಿದೊಡನೆ 90 ಡಿಗ್ರಿಯ ಬಲತಿರುವಿನ ಕ್ಲಿಪ್ ಶುರುವಾಗುತ್ತದೆ. ಮೈಯ ಭಾರ ಎಡಗಾಲಿಗೆ ಸರಿಯುತ್ತದೆ. ಬಲಪಾದ ಎದ್ದು, ಹೊರಕ್ಕೆ ತೆರೆದು, ಹೊಸ ದಿಕ್ಕಿನಲ್ಲಿ ಊರುತ್ತದೆ. ಭಾರ ಅದರ ಮೇಲೆ ಬಿದ್ದ ನಂತರವೇ ಎಡಪಾದದ ಹಿಮ್ಮಡಿ ಹಗುರಾಗಿ ಮೇಲೇಳುತ್ತದೆ. ಪಾದ ಬೆರಳ ಬುಡದ ಮೇಲೆ ಹೊರಳಿ, ಬಲಪಾದದ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಕ್ಲಿಪ್‌ನ ರೂಟ್ ಎಷ್ಟು ತಿರುಗಿತೋ ಅಷ್ಟನ್ನು ಪ್ರತಿ ಫ್ರೇಮಿನಲ್ಲೂ ಅಂತರದಿಂದ ಕಳೆಯುತ್ತಾರೆ. ಸೊಂಟ ಮುಂದೆ ಬಂದಷ್ಟೇ ಬೆನ್ನಿನ ತಿರುಚು ಸಡಿಲವಾಗುತ್ತದೆ, ನೋಟ ಗುರಿಯಿಂದ ಕದಲುವುದಿಲ್ಲ. ಕೊನೆಗೆ ಉಳಿದ 20 ಡಿಗ್ರಿಯನ್ನು ಬೆನ್ನು ಸಲೀಸಾಗಿ ಹೊರುತ್ತದೆ.

ಆ 20 ಡಿಗ್ರಿಯನ್ನೂ ಮುಗಿಸಿಬಿಡೋಣ ಎಂದು ಇಡೀ ಕ್ಲಿಪ್ಪನ್ನು 110ಕ್ಕೆ ಹಿಗ್ಗಿಸಿದರೆ ಕೆಲಸ ಕೆಡುತ್ತದೆ. ಹೆಚ್ಚುವರಿ ತಿರುವು ಊರಿದ ಪಾದಕ್ಕೂ ಸೇರಿ, ಅದು ನೆಲದ ಮೇಲೆ ಉಜ್ಜುತ್ತದೆ. ಪಾದ ಗಾಳಿಯಲ್ಲಿರುವಾಗಲೋ ಬೆರಳ ಬುಡದ ಮೇಲೆ ಹೊರಳುವಾಗಲೋ ಮಾತ್ರ ಅದಕ್ಕೆ ಹೆಚ್ಚಿನ ತಿರುವು ಸೇರಿಸಬೇಕು. ಊರಿದ ಪಾದವನ್ನು ಇನ್ವರ್ಸ್ ಕೈನೆಮ್ಯಾಟಿಕ್ಸ್‌ನಿಂದ ಕಟ್ಟಿಹಾಕಬೇಕು. ಗುರಿ ಸರಿಯಾಗಿ ಬೆನ್ನ ಹಿಂದಿದ್ದಾಗ ಇನ್ನೊಂದು ಪೇಚು. ಕೋನ 179ರಿಂದ −179ಕ್ಕೆ ಹಾರಿ, ಪಾತ್ರ ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಡವರಿಸುತ್ತದೆ. ತಿರುವು ಶುರುವಾದ ಮೇಲೆ ಆಯ್ದ ದಿಕ್ಕನ್ನು ಅದು ಮುಗಿಯುವವರೆಗೆ ಬಿಡದಿರುವುದೇ ಮದ್ದು.

ಜಾರುವ ಪಾದದ ಸಮಸ್ಯೆ ಸಂಶೋಧಕರನ್ನೂ ಕಾಡಿತ್ತು. ಮೋಷನ್ ಕ್ಯಾಪ್ಚರ್ ದತ್ತಾಂಶವನ್ನು ತಿದ್ದುವಾಗ ಬರುವ ಜಾರಾಟವನ್ನು ಸರಿಪಡಿಸುವ ಕ್ರಮವನ್ನು ಕೋವರ್, ಶ್ರೈನರ್ ಮತ್ತು ಗ್ಲೈಕರ್ 2002ರಲ್ಲಿ ಕೊಟ್ಟರು. 2009ರಲ್ಲಿ ರೂನ್ ಸ್ಕೋವ್ಬೋ ಜೋಹಾನ್ಸೆನ್ ಕೆಲವೇ ಕ್ಲಿಪ್‌ಗಳನ್ನು ಇಟ್ಟುಕೊಂಡು, ವೇಗ ಮತ್ತು ತಿರುವಿಗೆ ತಕ್ಕಂತೆ ಹೆಜ್ಜೆಯನ್ನು ಲೆಕ್ಕಹಾಕಿ ಇಡುವ ವ್ಯವಸ್ಥೆ ರೂಪಿಸಿದರು.

2016ರಲ್ಲಿ ಯೂಬಿಸಾಫ್ಟ್‌ನ ಸೈಮನ್ ಕ್ಲಾವೆ ಜಿಡಿಸಿ ಸಮ್ಮೇಳನದಲ್ಲಿ ವಿವರಿಸಿದ ‘ಮೋಷನ್ ಮ್ಯಾಚಿಂಗ್’ ದಾರಿಯನ್ನೇ ಬದಲಿಸಿತು. ಈಗಿನ ಭಂಗಿ ಮತ್ತು ಮುಂದೆ ಹೋಗಬೇಕಾದ ಪಥಕ್ಕೆ ಹತ್ತಿರವಾದ ಫ್ರೇಮನ್ನು ದತ್ತಾಂಶದಿಂದ ಹುಡುಕಿ ಆಡಿಸುವುದು ಅದರ ತಿರುಳು. ಓಟಕ್ಕೆ ಅದು ಬಹಳ ಚೆನ್ನಾಗಿ ಒಗ್ಗಿತು. ನಿಂತಲ್ಲೇ ತಿರುಗುವಾಗ ಮಾತ್ರ ಪಥವೆಂಬುದು ಒಂದು ಚುಕ್ಕೆ. ಹುಡುಕಲು ಸಿಗುವ ಸುಳಿವು ಮುಖದ ದಿಕ್ಕೊಂದೇ. ಹಾಗಾಗಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಕೋನಗಳ ತಿರುವುಗಳನ್ನು ನಟರಿಂದ ಮಾಡಿಸಿ ದತ್ತಾಂಶಕ್ಕೆ ತುಂಬಲೇಬೇಕು. ಅವಿಲ್ಲದಿದ್ದರೆ ಹುಡುಕಾಟ ನಿಂತ ಭಂಗಿಗೇ ಅಂಟಿಕೊಂಡು ಪಾದ ಮತ್ತೆ ಜಾರುತ್ತದೆ.

ಯಾವ ವಿಧಾನ ಬಳಸಿದರೂ ಪರೀಕ್ಷೆ ಒಂದೇ. ಆಟವನ್ನು ಕಾಲು ಭಾಗ ವೇಗಕ್ಕೆ ಇಳಿಸಿ, ಕ್ಯಾಮೆರಾವನ್ನು ಪಾದದ ಮಟ್ಟಕ್ಕೆ ತಂದು, ಭಾರ ಹೊತ್ತ ಬೂಟಿನ ಅಟ್ಟೆಯನ್ನೇ ನೋಡಿ. ಬೆರಳ ಬುಡದ ಜಾಗ ಕದಲಿದರೆ ಆ ತಿರುವನ್ನು ಒಪ್ಪಬೇಡಿ.